ಅಗಸ್ತ್ಯ ಮಿನುಗುವುದಕ್ಕೂ ಗುರು ಮಿನುಗದಿರುವುದಕ್ಕೂ ಕಾರಣ

“ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ಹೊಲದಾಗ ನಿಂತು ದಕ್ಷಿಣಕ್ಕ ನೋಡಿದ್ರ, ಕೆಳಗ ಒಂದು ಚುಕ್ಕಿ ಕೆಂಪು, ನೀಲಿ ಅಂತ ಬಣ್ಣ ಬದಲಿಸಿ ಮಿನುಗತೈತಿ. ಮ್ಯಾಲಿರೋ ಗುರು ಮಾತ್ರ ಒಂದ ಸಮ ಬೆಳಗತೈತಿ. ಇದು ನನ್ನ ಬೈನಾಕ್ಯುಲರ್ ದೋಷನೋ, ಗಾಳಿ ದೋಷನೋ?”

ಶಿಗ್ಗಾವಿಯ ಸರ್, ದೋಷ ನಿಮ್ಮ ಬೈನಾಕ್ಯುಲರಿನದಲ್ಲ, ಕಾರಣ ಗಾಳಿಯೇ. ಫೆಬ್ರವರಿಯ ಮಧ್ಯದಲ್ಲಿ ಆ ಹೊತ್ತಿಗೆ ದಕ್ಷಿಣದಲ್ಲಿ ಅಷ್ಟು ಕೆಳಗೆ, ಅಷ್ಟು ಪ್ರಕಾಶವಾಗಿ ಕಾಣುವುದು ಅಗಸ್ತ್ಯ ನಕ್ಷತ್ರ. ಅದರ ಮೇಲೆ ಇನ್ನೂ ಪ್ರಕಾಶವಾಗಿರುವುದು ಲುಬ್ಧಕ.

ಬಿಸಿ ಗಾಳಿ ವಿರಳ, ತಣ್ಣನೆಯ ಗಾಳಿ ಸಾಂದ್ರ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬೆಳಕು ಅತಿ ಸ್ವಲ್ಪವಾದರೂ ಬಾಗುತ್ತದೆ. ವಾತಾವರಣದಲ್ಲಿ ಈ ಎರಡೂ ಬಗೆಯ ಗಾಳಿ ಸುಳಿಸುಳಿಯಾಗಿ ಕಲೆಯುತ್ತಲೇ ಇರುವುದರಿಂದ, ನಕ್ಷತ್ರದ ಬೆಳಕು ನೆಲಕ್ಕೆ ಬರುವಷ್ಟರಲ್ಲಿ ಒಂದು ಕಡೆ ದಟ್ಟವಾಗಿ, ಪಕ್ಕದಲ್ಲೇ ತೆಳುವಾಗಿ ಹರಡಿಕೊಂಡಿರುತ್ತದೆ. ಬಿಸಿಲಿನಲ್ಲಿ ಬಾವಿಯ ತಳದ ಮೇಲೆ ಓಡಾಡುವ ಬೆಳಕಿನ ಗೆರೆಗಳನ್ನು ನೀವು ನೋಡಿದ್ದೀರಿ. ನಕ್ಷತ್ರದ ಬೆಳಕೂ ಹಾಗೆಯೇ ನಮ್ಮ ಮುಖದ ಮೇಲೆ ಓಡಾಡುತ್ತಿರುತ್ತದೆ, ಆದರೆ ಬಹಳ ಮಸುಕಾಗಿರುವುದರಿಂದ ಕಾಣುವುದಿಲ್ಲ. ಸುಮಾರು 10 ಕಿಲೋಮೀಟರ್ ಎತ್ತರದ ಸುಳಿಗಳಿಂದ ಮೂಡುವ ಈ ದಟ್ಟ-ತೆಳು ಪಟ್ಟಿಗಳ ಅಗಲ ಹತ್ತು ಸೆಂಟಿಮೀಟರಿನ ಆಸುಪಾಸು. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಅರಳುವುದು ಹೆಚ್ಚೆಂದರೆ 7 ಮಿಲಿಮೀಟರ್. ಹಾಗಾಗಿ ದಟ್ಟ ಪಟ್ಟಿ ದಾಟಿದಾಗ ಚುಕ್ಕಿ ಹೊಳೆಯುತ್ತದೆ, ತೆಳು ಪಟ್ಟಿ ಬಂದಾಗ ಮಂಕಾಗುತ್ತದೆ.

ಇನ್ನು ಗುರುವಿನ ವಿಷಯ. ಹಾನಗಲ್ಲಿನ ಸದಸ್ಯರು “ಗ್ರಹಕ್ಕೆ ಸ್ವಂತ ಬೆಳಕಿಲ್ಲ, ಅದಕ್ಕೇ ಮಿನುಗುವುದಿಲ್ಲ” ಎಂದು ಬರೆದಿದ್ದಾರೆ. ಮೊದಲರ್ಧ ಸರಿ, ಆದರೆ ಮಿನುಗದಿರುವುದಕ್ಕೆ ಅದು ಕಾರಣವಲ್ಲ. ಬುಧ ಗ್ರಹಕ್ಕೂ ಸ್ವಂತ ಬೆಳಕಿಲ್ಲ, ಆದರೂ ಸಂಜೆಯ ಹೊತ್ತು ದಿಗಂತಕ್ಕೆ ಹತ್ತಿರ ಇರುವಾಗ ಅದು ಮಿನುಗುವುದನ್ನು ಕಾಣಬಹುದು. ನಿಜವಾದ ಕಾರಣ, ವಸ್ತು ನಮಗೆ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದು. ಗುರುವಿನ ಎರಡು ಅಂಚುಗಳಿಂದ ನಿಮ್ಮ ಕಣ್ಣಿಗೆ ಬರುವ ಕಿರಣಗಳನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ, 10 ಕಿಲೋಮೀಟರ್ ಎತ್ತರದಲ್ಲಿ ಅವುಗಳ ನಡುವೆ ಸುಮಾರು 2 ಮೀಟರ್ ಅಂತರವಿರುತ್ತದೆ. ಲುಬ್ಧಕಕ್ಕೆ ಇದೇ ಲೆಕ್ಕ ಹಾಕಿದರೆ ಆ ಅಂತರ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಬರುವುದಿಲ್ಲ. ಅಂದರೆ ನಕ್ಷತ್ರದ ಬೆಳಕೆಲ್ಲ ಒಂದೇ ಸುಳಿಯ ಮೂಲಕ ಬರುತ್ತದೆ. ಗುರುವಿನ ಬೆಳಕು ಅಕ್ಕಪಕ್ಕದ ಹತ್ತಾರು ಸುಳಿಗಳನ್ನು ಒಟ್ಟಿಗೆ ಹಾದು ಬರುತ್ತದೆ. ಒಂದು ಭಾಗ ಮಂಕಾದ ಕ್ಷಣದಲ್ಲೇ ಇನ್ನೊಂದು ಭಾಗ ಹೊಳೆಯುವುದರಿಂದ ಒಟ್ಟು ಬೆಳಕು ಹೆಚ್ಚುಕಡಿಮೆ ಒಂದೇ ಸಮ ಉಳಿಯುತ್ತದೆ.

ಆದರೆ ನೀವು ಮಾಡಿದ ಹೋಲಿಕೆಯಲ್ಲಿ ಎರಡು ಸಂಗತಿಗಳು ಬೆರೆತಿವೆ. ಧಾರವಾಡ, ಹಾವೇರಿ ಸೀಮೆಯಿಂದ ಅಗಸ್ತ್ಯ ಎಷ್ಟೇ ಮೇಲೇರಿದರೂ ದಿಗಂತದಿಂದ ಸುಮಾರು 22 ಡಿಗ್ರಿಯನ್ನು ದಾಟುವುದಿಲ್ಲ. ಆ ಓರೆಯಲ್ಲಿ ಅದರ ಬೆಳಕು, ನೆತ್ತಿಯ ನಕ್ಷತ್ರದ ಬೆಳಕಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಬೇಕು. ಬಣ್ಣ ಬದಲಾಗುವುದೂ ಈ ಓರೆಯಿಂದಲೇ: ನೀಲಿ ಬೆಳಕು ಕೆಂಪಿಗಿಂತ ಸ್ವಲ್ಪ ಹೆಚ್ಚು ಬಾಗುವುದರಿಂದ ಎರಡೂ ತುಸು ಬೇರೆ ದಾರಿಯಲ್ಲಿ, ಬೇರೆ ಸುಳಿಗಳ ಮೂಲಕ ಬರುತ್ತವೆ, ಒಂದು ಹೊಳೆದಾಗ ಇನ್ನೊಂದು ಹೊಳೆಯಬೇಕೆಂದಿಲ್ಲ. ಆದ್ದರಿಂದ ಗುರುವನ್ನು ಅಗಸ್ತ್ಯದೊಡನೆ ಹೋಲಿಸದೆ, ಗುರುವಿನ ಪಕ್ಕದಲ್ಲೇ ಅಷ್ಟೇ ಎತ್ತರದಲ್ಲಿರುವ ಯಾವುದಾದರೂ ನಕ್ಷತ್ರದೊಡನೆ ಹೋಲಿಸಿ ನೋಡಿ. ಆಗ ಗಾಳಿ ಇಬ್ಬರಿಗೂ ಒಂದೇ, ಉಳಿಯುವ ವ್ಯತ್ಯಾಸ ಗಾತ್ರದ್ದು ಮಾತ್ರ.

ಕಣ್ಣಾರೆ ನೋಡಬೇಕೆಂದರೆ ಬೈನಾಕ್ಯುಲರನ್ನು ಲುಬ್ಧಕದ ಕಡೆ ಹಿಡಿದು ಸಣ್ಣದಾಗಿ ಸುತ್ತು ತಿರುಗಿಸಿ. ಚುಕ್ಕಿ ಉಂಗುರದಂತೆ ಎಳೆದುಕೊಂಡು, ಆ ಉಂಗುರದಲ್ಲಿ ಬೆಳಕಿನ ಮಣಿಗಳೂ ನಡುನಡುವೆ ಮಂಕು ತಾಣಗಳೂ ಕಾಣುತ್ತವೆ. ನಕ್ಷತ್ರ ಕೆಳಗಿದ್ದಷ್ಟೂ ಮಣಿಗಳ ಬಣ್ಣ ಎದ್ದು ಕಾಣುತ್ತದೆ. ಗುರುವಿನ ಉಂಗುರ ಬಹುತೇಕ ಒಂದೇ ಸಮನಾಗಿರುತ್ತದೆ.

ಗದಗಿನ ಅಕ್ಕಾವರು ತಮ್ಮ ಟೆಲಿಸ್ಕೋಪಿನಲ್ಲಿ ಗುರುವೂ ಕುದಿಯುವಂತೆ ಕಾಣುತ್ತದೆ, ಹಾಗಾದರೆ ಗ್ರಹ ಮಿನುಗುವುದಿಲ್ಲ ಎಂಬ ಮಾತೇ ಸುಳ್ಳಲ್ಲವೇ ಎಂದು ಕೇಳಿದ್ದಾರೆ. ಅಕ್ಕಾವರೇ, ನೀವು ನೋಡಿದ್ದು ನಿಜ, ಆದರೆ ಅದು ಬೇರೆಯದೇ ಸಂಗತಿ. ಒಟ್ಟು ಬೆಳಕು ಸಮವಾಗಿದ್ದರೂ ಬಿಂಬದ ಒಂದೊಂದು ಭಾಗವೂ ತನ್ನಷ್ಟಕ್ಕೆ ಅಲುಗುತ್ತದೆ. ಬರಿಗಣ್ಣಿಗೆ ಕಾಣದ ಆ ಅಲುಗಾಟವನ್ನು ಟೆಲಿಸ್ಕೋಪ್ ದೊಡ್ಡದು ಮಾಡಿ ತೋರಿಸುತ್ತದೆ. ನೀವು ಆರ್‌ಸಿಸಿ ಮಾಳಿಗೆಯ ಮೇಲೆ ಸಂಜೆಯೇ ನೋಡಲು ಕೂರುವುದರಿಂದ, ಹಗಲೆಲ್ಲ ಕಾದ ಸ್ಲ್ಯಾಬಿನಿಂದ ಏಳುವ ಬಿಸಿ ಗಾಳಿಯೂ ಅದಕ್ಕೆ ಸೇರಿರುವ ಸಾಧ್ಯತೆ ಹೆಚ್ಚು. ಟೆಲಿಸ್ಕೋಪನ್ನು ಅಂಗಳದ ಮಣ್ಣಿನ ಮೇಲೆ ಇಟ್ಟು, ಅದು ಹೊರಗಿನ ಗಾಳಿಯಷ್ಟೇ ತಣ್ಣಗಾಗುವವರೆಗೆ ಬಿಟ್ಟು, ರಾತ್ರಿ ತಡವಾಗಿ ಮತ್ತೆ ನೋಡಿ. ಕುದಿತ ಕಡಿಮೆಯಾದರೆ ತಪ್ಪು ಮಾಳಿಗೆಯದು. ಹಾಗೆಯೇ ಉಳಿದರೆ ಮೇಲಿನ ಗಾಳಿಯದಾಗಿರಬಹುದು, ಅಥವಾ ಟೆಲಿಸ್ಕೋಪಿನದೇ ಏನಾದರೂ ಇರಬಹುದು. ಅದನ್ನು ಇಲ್ಲಿಂದಲೇ ಹೇಳಲು ಬರುವುದಿಲ್ಲ, ನೋಡಿದ ಮೇಲೆ ಗಂಟೆಯನ್ನೂ ಗುರು ಇದ್ದ ಎತ್ತರವನ್ನೂ ಬರೆದು ತಿಳಿಸಿ.