90° ಅಂತ ಬರೆದ್ರೂ ಮಾರ್ಕ್ಸ್ ಯಾಕೆ ಕಟ್?

ಪ್ರಶ್ನೆ: O ಕೇಂದ್ರ ಇರೋ ವೃತ್ತಕ್ಕೆ ಹೊರಗಿನ ಬಿಂದು P ಇಂದ ಎಳೆದ ಎರಡು ಸ್ಪರ್ಶಕ PA, PB ಸಮ ಅನ್ನೋ ಪ್ರೂಫಲ್ಲಿ ∠OAP = ∠OBP = 90° ಅಂತ ಬರ್ದಿದ್ದೆ, ಚಿತ್ರದಲ್ಲೇ ಕಾಣುತ್ತಲ್ಲ, ಆದ್ರೂ ಮಾರ್ಕ್ಸ್ ಕಟ್ ಯಾಕೆ?

ಯಾಕಂದ್ರೆ ಆ 90° ಚಿತ್ರದಿಂದ ಬಂದಿದ್ದಲ್ಲ, "ಸ್ಪರ್ಶಬಿಂದುವಿನಲ್ಲಿ ತ್ರಿಜ್ಯ ಸ್ಪರ್ಶಕಕ್ಕೆ ಲಂಬ" ಅನ್ನೋ ಪ್ರಮೇಯದಿಂದ ಬಂದಿದ್ದು, ಅದನ್ನೇ ನೀವು ಬರೆದಿಲ್ಲ.

ನಿಮ್ಮ ಪ್ರೂಫಲ್ಲಿ ಉಳಿದಿರೋದು ಎರಡೇ ವಿಷಯ ನೋಡಿ: OA = OB (ತ್ರಿಜ್ಯಗಳು), OP ಎರಡೂ ತ್ರಿಭುಜಕ್ಕೆ ಕಾಮನ್. ಈಗ P ಇಂದ ವೃತ್ತವನ್ನ ಕತ್ತರಿಸ್ಕೊಂಡು ಹೋಗೋ ಒಂದು ಛೇದಕ ಎಳೀರಿ, ಅದು ವೃತ್ತವನ್ನ ಕತ್ತರಿಸೋ ಹತ್ತಿರದ ಬಿಂದು A, ದೂರದ್ದು B ಅಂತಿಟ್ಕೊಳ್ಳಿ. ಇಲ್ಲೂ OA = OB, OP ಕಾಮನ್, ಸಾಲದ್ದಕ್ಕೆ P ಹತ್ರದ ಕೋನನೂ ಒಂದೇ, ಆದ್ರೆ PA, PB ಸಮ ಅಲ್ವೇ ಅಲ್ಲ! ಅಂದ್ರೆ ಸ್ಪರ್ಶಕಕ್ಕೂ ಛೇದಕಕ್ಕೂ ವ್ಯತ್ಯಾಸ ತರೋದು ಆ 90° ಒಂದೇ. ಅದಿದ್ರೆ ಮಾತ್ರ ಲಂಬಕೋನ-ವಿಕರ್ಣ-ಬಾಹು ನಿಯಮದಿಂದ ತ್ರಿಭುಜಗಳು ಸರ್ವಸಮ ಆಗೋದು.

ಅದಕ್ಕೆ ಆ ಸಾಲಿನ ಪಕ್ಕ ಬ್ರಾಕೆಟ್ಟಲ್ಲಿ (ತ್ರಿಜ್ಯ ⊥ ಸ್ಪರ್ಶಕ) ಅಂತ ಹಾಕಿದ್ರೆ ಸಾಕು, ಪ್ರಮೇಯದ ಪೂರ್ತಿ ಹೇಳಿಕೆ ಏನೂ ಬೇಡ. OA = OB ಪಕ್ಕನೂ "ತ್ರಿಜ್ಯಗಳು" ಅಂತ ಬರೀರಿ, ಒಂದು ಪದ ತಾನೆ.