ಬಡ್ಡಿ ಎರಡು ಸಲ ಕಳೆಯಬೇಡಿ

“ಸಾಲ ಮಾಡಿ ಮೆಷಿನ್ ಹಾಕ್ತಿದೀನಿ. ಬಡ್ಡಿ ಕೈಯಿಂದಲೇ ಹೋಗುತ್ತೆ. ಆದ್ರೂ ವ್ಯಾಕ್ ದರದಲ್ಲಿ ಡಿಸ್ಕೌಂಟ್ ಮಾಡುವಾಗ ಬಡ್ಡಿ ಬಿಡಿ ಅಂತಾರಲ್ಲ, ಯಾಕೆ?”

ವ್ಯಾಕ್ ಅಂದರೆ ಸಾಲದ ಬಡ್ಡಿ ದರ ಮತ್ತು ನಿಮ್ಮ ಹಣಕ್ಕೆ ಬೇಕಾದ ಗಳಿಕೆ ದರ, ಎರಡನ್ನೂ ಅವುಗಳ ಪಾಲಿನಂತೆ ಸೇರಿಸಿದ ಸರಾಸರಿ. ಹಾಗಾಗಿ ಬಡ್ಡಿ ಆ ದರದ ಒಳಗೇ ಕೂತಿದೆ ಸರ್. ಇದೇ ಪ್ರಶ್ನೆಗೆ ಒಬ್ಬರು “ಬಡ್ಡಿ ನಿಜವಾದ ಖರ್ಚೇ ಅಲ್ಲ” ಎಂದಿದ್ದಾರೆ. ಕಳೆಯಬಾರದು ಅನ್ನುವುದು ಸರಿ, ಕಾರಣ ಸರಿಯಿಲ್ಲ. ಅದು ಖಂಡಿತ ಖರ್ಚು, ಆದರೆ ಒಂದೇ ಸಲ.

ಒಂದು ವರ್ಷದ ಕೆಲಸ ಇಟ್ಟುಕೊಳ್ಳಿ, ತೆರಿಗೆ ಸದ್ಯಕ್ಕೆ ಬೇಡ. ಹೂಡಿದ್ದು 1,000. ಅರ್ಧ ಸಾಲ, 8% ಬಡ್ಡಿ. ಉಳಿದರ್ಧ ನಿಮ್ಮದು, ಅದಕ್ಕೆ 12% ಬರಬೇಕು ಅಂತ ನಿಮ್ಮ ಲೆಕ್ಕ. ಹಾಗಾಗಿ ವ್ಯಾಕ್ 10%. ವರ್ಷದ ಕೊನೆಗೆ 1,100 ಬಂತು. ಡಿಸ್ಕೌಂಟ್ ಮಾಡುವುದು ಅಂದರೆ ಅದನ್ನು ಇಂದಿನ ಬೆಲೆಗೆ ಇಳಿಸುವುದು: 1.10ರಿಂದ ಭಾಗಿಸಿದರೆ 1,000. ಅದರಿಂದ ಹೂಡಿದ್ದನ್ನು ಕಳೆದರೆ ಉಳಿಯುವುದೇ ಎನ್‌ಪಿವಿ, ಇಲ್ಲಿ ಸೊನ್ನೆ. ಈಗ ಆ 1,100 ಹಂಚಿ ನೋಡಿ. ಸಾಲ ಕೊಟ್ಟವರಿಗೆ ಅಸಲು 500, ಬಡ್ಡಿ 40. ನಿಮಗೆ ಉಳಿದದ್ದು 560. ನಿಮ್ಮ 500ಕ್ಕೆ 12% ಸೇರಿಸಿದರೂ ಅಷ್ಟೇ ಅಲ್ವಾ? ಬಡ್ಡಿ ಕಟ್ಟಿಯಾಯಿತು, ನಿಮ್ಮ ಪಾಲೂ ಬಂತು. ಮೊದಲೇ 40 ಕಳೆದಿದ್ದರೆ 1,060 ಉಳಿದು, ಎನ್‌ಪಿವಿ ಮೈನಸ್ 36 ಬರುತ್ತಿತ್ತು. ಸರಿಯಿರುವ ಕೆಲಸವನ್ನು ಸುಮ್ನೆ ಕೈಬಿಡುತ್ತಿದ್ದಿರಿ.

ಜಾಸ್ತಿ ಜನ ಎಡವುವುದು ತೆರಿಗೆಯಲ್ಲಿ. ನಾನೂ ಒಮ್ಮೆ ಎಡವಿದ್ದೇನೆ. ತೆರಿಗೆ 25% ಅನ್ನಿ. ಬಡ್ಡಿಯಿಂದ ತೆರಿಗೆ ಉಳಿಯುವುದರಿಂದ ಸಾಲ ನಿಮಗೆ ಬೀಳುವುದು 6%, ವ್ಯಾಕ್ 9%. ಮೆಷಿನ್ನಿನ 1,000 ಸವಕಳಿಯಾಗಿ ಕಳೆದ ಮೇಲೆ ಲಾಭ 120. ಈಗ ತೆರಿಗೆಯನ್ನು ಸಾಲವೇ ಇಲ್ಲ ಎನ್ನುವಂತೆ ಹಾಕಿ: 30. ಕೈಗೆ 1,090, ಎನ್‌ಪಿವಿ ಸೊನ್ನೆ. ನಿಜವಾಗಿ ಕಟ್ಟುವ ತೆರಿಗೆ 20 ಮಾತ್ರ, ಯಾಕೆಂದರೆ ಲಾಭದಿಂದ ಬಡ್ಡಿ 40 ಕಳೆಯುತ್ತದೆ. ಆ 20ನ್ನೇ ಲೆಕ್ಕಪತ್ರದಿಂದ ಎತ್ತಿ ಹಾಕಿದರೆ ಎನ್‌ಪಿವಿ 9 ಜಾಸ್ತಿ ತೋರಿಸುತ್ತದೆ. ಬಡ್ಡಿಯಿಂದ ಆದ ತೆರಿಗೆ ಉಳಿತಾಯ ಆಗಲೇ 6%ನಲ್ಲಿ ಸೇರಿದೆ. ನಿಮ್ಮ ಹಾಳೆಯಲ್ಲಿ ತೆರಿಗೆಯ ಮೊತ್ತವನ್ನು ಲಾಭದ ಮೊತ್ತದಿಂದ ಭಾಗಿಸಿ ನೋಡಿ. ಇಲ್ಲಿ 30 ಭಾಗಿಸು 120 ಅಂದರೆ ಪೂರಾ 25%. ಅದಕ್ಕಿಂತ ಕಡಿಮೆ ಬಂದರೆ ಬಡ್ಡಿ ಒಳಗೆ ನುಸುಳಿರಬಹುದು.

“ನನ್ನ ಕಂತೇ ತಿಂಗಳಿಗೆ ಕಷ್ಟ, ಬಡ್ಡಿ ಬಿಡೋದು ಹೇಗೆ?” ಎಂದ ಮೇಡಂಗೆ: ನಿಮ್ಮ ಪ್ರಶ್ನೆ ಬೇರೆ. ಕೆಲಸ ಲಾಭವೋ ಅಲ್ಲವೋ ಒಂದು, ಕಂತಿಗೆ ಹಣ ಹೊಂದುತ್ತದೋ ಇಲ್ಲವೋ ಇನ್ನೊಂದು. ಎರಡನೆಯದಕ್ಕೆ ಬೇರೆ ಹಾಳೆ ಮಾಡಿ, ಅಲ್ಲಿ ಬಡ್ಡಿ, ಅಸಲು ಎರಡೂ ಬರಲಿ. ಆ ಹಾಳೆಯನ್ನೇ ಡಿಸ್ಕೌಂಟ್ ಮಾಡುವುದಾದರೆ ಸಾಲ ಬಂದದ್ದನ್ನೂ ಸೇರಿಸಿ, ದರ 12% ಹಾಕಿ. ಹಾಕಿದ್ದು 500, ಬಂದದ್ದು 560, ಮತ್ತೆ ಸೊನ್ನೆ.

ಒಂದು ತೊಡಕು ಉಳಿಯುತ್ತದೆ. ಒಂದೇ ವ್ಯಾಕ್ ಎಲ್ಲ ವರ್ಷಕ್ಕೂ ಹಾಕಿದರೆ, ಸಾಲದ ಪಾಲು ಹಾಗೇ ಇರುತ್ತದೆ ಎಂದು ಒಪ್ಪಿಕೊಂಡಂತೆ. ಸಾಲ ಬೇಗ ತೀರುವ ಕಡೆ ನಾನು ಪೂರ್ತಿ ಸ್ವಂತ ಹಣ ಎಂದು ಲೆಕ್ಕ ಹಾಕಿ, ಬಡ್ಡಿಯಿಂದ ಉಳಿದ ತೆರಿಗೆಯ ಬೆಲೆ ಬೇರೆಯಾಗಿ ಸೇರಿಸುತ್ತೇನೆ. ಆ ಉಳಿತಾಯವನ್ನು ಯಾವ ದರದಲ್ಲಿ ಡಿಸ್ಕೌಂಟ್ ಮಾಡಬೇಕು ಎನ್ನುವುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ನಾನು ಸಾಲದ ಬಡ್ಡಿ ದರವನ್ನೇ ಹಾಕುತ್ತೇನೆ.