ಡಂಬೆಲ್ ಶೋಲ್ಡರ್ ಪ್ರೆಸ್: ತೂಕ ಯಾವಾಗ ಏರಿಸಬೇಕು?

"10 ಕೆಜಿಯಲ್ಲಿ 12 ರೆಪ್ ಆಗುತ್ತೆ, 12.5ಕ್ಕೆ ಹೋದ್ರೆ 4 ಕೂಡ ಕಷ್ಟ. ಡಬಲ್ ಪ್ರೋಗ್ರೆಷನ್ ಹೇಗೆ ಮಾಡೋದು?"

ಮೊದಲು ರೆಪ್ ಏರಿಸಿ, ಆಮೇಲೆ ತೂಕ. ಆದರೆ ನಿಮ್ಮ ಜಿಗಿತ ಶೇ 25ರಷ್ಟು, ಭುಜಕ್ಕೆ ಅದು ಜಾಸ್ತಿಯೇ. ಅದಕ್ಕೇ 8–12ರ ಬದಲು 6–15 ರೆಪ್‌ಗಳ ಮಿತಿ ಇಟ್ಟುಕೊಳ್ಳಿ.

ಇವತ್ತು 10 ಕೆಜಿಯಲ್ಲಿ ಮೂರು ಸೆಟ್‌ಗೆ 12, 10, 9 ಬಂತು ಅಂದುಕೊಳ್ಳಿ. ತೂಕ ಮುಟ್ಟಬೇಡಿ. ಮುಂದೆ 12, 11, 10 ಬರಬಹುದು, ಆಮೇಲೆ 13, 12, 11. ಒಂದೇ ರೆಪ್ ಹೆಚ್ಚಾದರೂ ಅದು ಪ್ರಗತಿಯೇ. ಮೂರೂ ಸೆಟ್‌ನಲ್ಲಿ 15 ಬಂದ ಮೇಲಷ್ಟೇ 12.5 ಹಿಡಿಯಿರಿ. ಆಗ 7, 6, 6 ಬಂದರೆ ಸರಿಯಾಗಿದೆ, ಅಲ್ಲಿಂದ ಮತ್ತೆ ಏರಿಸಿ. ಮೊದಲ ಸೆಟ್‌ನಲ್ಲೇ 6 ಆಗದಿದ್ದರೆ 10ಕ್ಕೆ ವಾಪಸ್ ಬನ್ನಿ.

ಬೆನ್ನು ಹಿಂದಕ್ಕೆ ಬಾಗಿಸಿ ಎತ್ತಿದ ರೆಪ್ ಮಾತ್ರ ಲೆಕ್ಕಕ್ಕೆ ಬೇಡ.